ಈ ಖಾತೆಗೆ ಪೌತಿ ಇಲ್ಲ

ಮಾನ್ಯ ಸಂಪಾದಕರೆ,

ಕಳೆದ ವರ್ಷ, 2025ರ ಮಾರ್ಚ್ 8ರಂದು ಅಪ್ಪ ತೀರಿಕೊಂಡರು. ಅವರ ಮೊಬೈಲನ್ನು ಅಂದೇ ಆಫ್ ಮಾಡಿ ಬೀರುವಿನಲ್ಲಿ ಇಟ್ಟೆವು. ರೀಚಾರ್ಜ್ ಮಾಡಿಸಲಿಲ್ಲ. ಜುಲೈ ತಿಂಗಳಲ್ಲಿ ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಪ್ಪ ಗುಂಪು ತೊರೆದರು ಎಂಬ ಸಾಲು ಕಾಣಿಸಿತು. ಅಮ್ಮ ಅಂದು ಊಟ ಮಾಡಲಿಲ್ಲ. ಈಗ ಅಪ್ಪನ ಹೆಸರಿನ ಪಕ್ಕದಲ್ಲಿ ಯಾರೋ ಹುಡುಗನ ಚಿತ್ರ ಬರುತ್ತಿದೆ. ಅಪ್ಪನ ಧ್ವನಿ ಸಂದೇಶಗಳು, ಜಿಮೇಲ್ ಪತ್ರಗಳು, ಗೂಗಲ್ ಫೋಟೋಸ್‌ನಲ್ಲಿದ್ದ ಚಿತ್ರಗಳು ಅವನ ಪಾಲಾದವೇ? ಅಥವಾ ಎಲ್ಲವೂ ಅಳಿದುಹೋದವೇ? ಮೊಬೈಲಿನ ಪಿನ್ ಅಮ್ಮನಿಗೆ ಗೊತ್ತಿದೆ, ಪಾಸ್‌ವರ್ಡ್ ಡೈರಿಯಲ್ಲಿದೆ.

— ಓದುಗರೊಬ್ಬರು, ಮಂಡ್ಯ

ಸಂಪಾದಕರ ಉತ್ತರ

ಆ ಹುಡುಗನ ಕೈಗೆ ನಿಮ್ಮ ತಂದೆಯವರ ಒಂದು ಅಕ್ಷರವೂ ಹೋಗಿಲ್ಲ. ಅಮ್ಮನಿಗೆ ಮೊದಲು ಇಷ್ಟು ಹೇಳಿ. ಉಳಿದದ್ದನ್ನು ಓದಿ ಮುಗಿಸುವವರೆಗೆ ಬೀರುವಿನ ಮೊಬೈಲನ್ನು ಯಾರೂ ಆನ್ ಮಾಡಬೇಡಿ. ಅದಕ್ಕೊಂದು ಕಾರಣವಿದೆ.

ನಮ್ಮ ಕಡೆ ಮನೆಯ ಯಜಮಾನರು ತೀರಿಕೊಂಡರೆ ಮಕ್ಕಳು ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದುಕೊಂಡು ಪೌತಿ ಖಾತೆಗೆ ಅರ್ಜಿ ಹಾಕುತ್ತಾರೆ. ಜಮೀನು ತನ್ನಷ್ಟಕ್ಕೆ ಅಲ್ಲೇ ಬಿದ್ದಿರುತ್ತದೆ, ಅರ್ಜಿ ಐದು ವರ್ಷ ತಡವಾದರೂ ಮಣ್ಣು ಕರಗುವುದಿಲ್ಲ. ಮೊಬೈಲಿನೊಳಗಿನ ಖಾತೆಗಳ ರೀತಿ ಬೇರೆ. ಯಜಮಾನರು ಇಲ್ಲವೆಂಬುದು ಅವುಗಳಿಗೆ ತಿಳಿಯುವುದೇ ಇಲ್ಲ. ಎಷ್ಟು ದಿನದಿಂದ ಯಾರೂ ಮುಟ್ಟಿಲ್ಲ ಎಂದು ಮಾತ್ರ ಅವು ಎಣಿಸುತ್ತವೆ. ನಿಮ್ಮ ಮನೆಯಲ್ಲಿ ಹೀಗೆ ಮೂರು ಎಣಿಕೆಗಳು ಒಟ್ಟಿಗೆ ಶುರುವಾದವು. ಎರಡು ಮುಗಿದಿವೆ, ಒಂದು ಇನ್ನೂ ನಡೆಯುತ್ತಿದೆ.

ಮೊದಲು ಮುಗಿದದ್ದು ಸಿಮ್‌ನದು. ಪ್ರೀಪೇಯ್ಡ್ ಸಂಖ್ಯೆಯಲ್ಲಿ ಕರೆ, ಸಂದೇಶ, ಡೇಟಾ ಯಾವುದೂ ಇಲ್ಲದೆ 90 ದಿನ ಕಳೆದರೆ ಕಂಪನಿ ಅದನ್ನು ನಿಷ್ಕ್ರಿಯಗೊಳಿಸಬಹುದು. ಖಾತೆಯಲ್ಲಿ 20 ರೂಪಾಯಿ ಉಳಿದಿದ್ದರೆ ಅದನ್ನು ಕಡಿದುಕೊಂಡು ಇನ್ನೊಂದು 30 ದಿನ ಬಿಡುತ್ತಾರೆ. ಮಾರ್ಚ್ 8ರಿಂದ ಎಣಿಸಿದರೆ ಜೂನ್ 6. ನಿಷ್ಕ್ರಿಯವಾದ ಸಂಖ್ಯೆಯನ್ನು ಮತ್ತೆ ಕನಿಷ್ಠ 90 ದಿನ ಖಾಲಿ ಇಟ್ಟು, ಆಮೇಲೆ ಹೊಸ ಗ್ರಾಹಕರಿಗೆ ಕೊಡುತ್ತಾರೆ. ಆ ಹುಡುಗ ಅಂಗಡಿಗೆ ಹೋಗಿ ಸಿಮ್ ಕೇಳಿದ್ದಾನೆ, ಅವರು ಇದನ್ನು ಕೊಟ್ಟಿದ್ದಾರೆ, ಅಷ್ಟೇ. ಮರಣ ಪ್ರಮಾಣಪತ್ರ ತೋರಿಸಿ ಸಂಖ್ಯೆಯನ್ನು ಅಮ್ಮನ ಹೆಸರಿಗೆ ಬರೆಸಿಕೊಳ್ಳುವ ಅವಕಾಶ ಆ ಮೊದಲ ಮೂರು ತಿಂಗಳಲ್ಲಿ ಇತ್ತು. ಸೂತಕದ ಮನೆಯಲ್ಲಿ ಅದು ಯಾರಿಗೆ ನೆನಪಾಗುತ್ತದೆ!

ಎರಡನೆಯದು ವಾಟ್ಸ್‌ಆ್ಯಪ್‌ನದು. 120 ದಿನ ಸಂಪರ್ಕಕ್ಕೆ ಬಾರದ ಖಾತೆಯನ್ನು ಅದು ಸಾಮಾನ್ಯವಾಗಿ ತಾನಾಗಿಯೇ ಅಳಿಸುತ್ತದೆ. ಮಾರ್ಚ್ 8ಕ್ಕೆ 120 ಕೂಡಿಸಿದರೆ ಜುಲೈ 6. ಖಾತೆ ಅಳಿದಾಗ ಅದು ಇದ್ದ ಎಲ್ಲ ಗುಂಪುಗಳಿಂದಲೂ ಹೊರಬೀಳುತ್ತದೆ. ಮನುಷ್ಯರೊಬ್ಬರು ತಾವಾಗಿ ಎದ್ದು ಹೋದಾಗ ಬರುವ ಸಾಲೇ ಆಗಲೂ ಬರುತ್ತದೆ. ಈ ಸಾಲನ್ನು ಬರೆದವರಿಗೆ ಸಾವಿನ ಮನೆಯ ನೆನಪಿರಲಿಲ್ಲ. ನನ್ನ ಕೈಯಲ್ಲಿದ್ದರೆ ಮೊದಲು ಆ ಕ್ರಿಯಾಪದವನ್ನು ತಿದ್ದುತ್ತಿದ್ದೆ.

ಖಾತೆ ಅಳಿಯಿತು ಎಂದರೆ ಸಂದೇಶಗಳು ಅಳಿದವು ಎಂದಲ್ಲ. ತಲುಪಿದ ಸಂದೇಶವನ್ನು ವಾಟ್ಸ್‌ಆ್ಯಪ್ ತನ್ನ ಸರ್ವರ್‌ನಲ್ಲಿ ಇಟ್ಟುಕೊಳ್ಳುವುದಿಲ್ಲ. ಅದು ಕಳುಹಿಸಿದವರ ಮೊಬೈಲಿನಲ್ಲಿ ಒಂದು ಪ್ರತಿ, ಪಡೆದವರ ಮೊಬೈಲಿನಲ್ಲಿ ಒಂದು ಪ್ರತಿಯಾಗಿ ಇರುತ್ತದೆ. ತಲುಪದೆ ಉಳಿದವು ಮಾತ್ರ 30 ದಿನ ಸರ್ವರ್‌ನಲ್ಲಿ ಕಾದು ಅಳಿಯುತ್ತವೆ. ಮಾರ್ಚ್ 8ರ ನಂತರ ನೆಂಟರು ನಿಮ್ಮ ತಂದೆಯವರ ಸಂಖ್ಯೆಗೆ ಕಳುಹಿಸಿ ಒಂದೇ ಗುರುತಿನಲ್ಲಿ ನಿಂತ ಸಂದೇಶಗಳ ಗತಿ ಅದು. ಹೊಸದಾಗಿ ಆ ಸಂಖ್ಯೆ ಪಡೆದವನಿಗೆ ಸಿಗುವುದು ಖಾಲಿ ವಾಟ್ಸ್‌ಆ್ಯಪ್. ನಿಮ್ಮ ತಂದೆಯವರು ಕಳುಹಿಸಿದ್ದೆಲ್ಲ ಅಮ್ಮನ ಮೊಬೈಲಿನಲ್ಲಿ, ನಿಮ್ಮ ಮೊಬೈಲಿನಲ್ಲಿ ಇದ್ದಲ್ಲೇ ಇದೆ. ಅವರು ಬೇರೆಯವರಿಗೆ ಕಳುಹಿಸಿದ್ದು, ಬೇರೆಯವರಿಂದ ಪಡೆದದ್ದು ಬೀರುವಿನ ಮೊಬೈಲಿನಲ್ಲಿದೆ. ಗೂಗಲ್ ಡ್ರೈವ್‌ನಲ್ಲಿ ವಾಟ್ಸ್‌ಆ್ಯಪ್‌ನ ಬ್ಯಾಕಪ್ ಇತ್ತೆಂದು ಯಾರಾದರೂ ಧೈರ್ಯ ಹೇಳಿದರೆ ನೆಚ್ಚಿಕೊಳ್ಳಬೇಡಿ. ಐದು ತಿಂಗಳು ಹೊಸದಾಗದ ಬ್ಯಾಕಪ್ ತಾನಾಗಿ ತೆಗೆದುಹೋಗಬಹುದು. ನಿಮ್ಮ ಲೆಕ್ಕದಲ್ಲಿ ಅದು ಆಗಸ್ಟಿನಲ್ಲೇ ಮುಗಿಯಿತು.

ಆದ್ದರಿಂದ ಆ ಮೊಬೈಲೇ ಈಗ ಮೂಲ ಪ್ರತಿ. ಅದನ್ನು ಆನ್ ಮಾಡಿ ವೈಫೈಗೆ ಸೇರಿಸಿದರೆ ಈ ಸಂಖ್ಯೆ ಇಲ್ಲಿ ನೋಂದಣಿಯಲ್ಲಿಲ್ಲ ಎಂದು ವಾಟ್ಸ್‌ಆ್ಯಪ್ ತಿಳಿದುಕೊಂಡು ಹೊಸದಾಗಿ ಪರಿಶೀಲನೆ ಕೇಳುತ್ತದೆ. ಪರಿಶೀಲನೆಯ ಸಂದೇಶ ಹೋಗುವುದು ಹುಡುಗನಿಗೆ. ಸಂದೇಶಗಳು ಒಳಗೇ ಇದ್ದರೂ ಬಾಗಿಲು ಮುಚ್ಚಿಕೊಳ್ಳುತ್ತದೆ. ಹೀಗೆ ಮಾಡಿ. ಸಿಮ್ ತೆಗೆಯಿರಿ, ಮನೆಯ ವೈಫೈ ಆರಿಸಿ, ಮೊಬೈಲನ್ನು ಚಾರ್ಜಿಗೆ ಹಾಕಿ ಆನ್ ಮಾಡಿ, ಕೂಡಲೇ ಏರ್‌ಪ್ಲೇನ್ ಮೋಡ್‌ಗೆ ಹಾಕಿ. (ಹತ್ತು ತಿಂಗಳು ಬಿದ್ದಿದ್ದ ಮೊಬೈಲಿನ ಬೆನ್ನು ಉಬ್ಬಿದ್ದರೆ ಚಾರ್ಜಿಗೇ ಹಾಕಬೇಡಿ, ರಿಪೇರಿ ಅಂಗಡಿಯಲ್ಲಿ ಮೊದಲು ಬ್ಯಾಟರಿ ಬದಲಿಸಿ.) ಪಿನ್ ಒತ್ತಿ, ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ, ಫೈಲ್ ವರ್ಗಾವಣೆ ಆಯ್ದುಕೊಂಡು ಈ ಫೋಲ್ಡರ್ ಹುಡುಕಿ:

```
Android/media/com.whatsapp/WhatsApp/Media
```

ಇಡೀ ಫೋಲ್ಡರನ್ನು ಕಂಪ್ಯೂಟರ್‌ಗೆ ನಕಲು ಮಾಡಿಕೊಳ್ಳಿ. ಅದರೊಳಗೆ `WhatsApp Voice Notes` ಎಂಬುದರಲ್ಲಿ ಧ್ವನಿ ಸಂದೇಶಗಳು `.opus` ಎಂದು ಕೊನೆಯಾಗುವ ಫೈಲುಗಳಾಗಿರುತ್ತವೆ. ಇವಕ್ಕೆ ಬೀಗವಿಲ್ಲ, ವಿಎಲ್‌ಸಿಯಂಥ ಪ್ಲೇಯರ್‌ನಲ್ಲಿ ನೇರವಾಗಿ ಕೇಳಬಹುದು. ಫೈಲಿನ ಹೆಸರಿನಲ್ಲಿ ತಾರೀಕು ಇರುತ್ತದೆ, ಯಾರಿಗೆ ಹೇಳಿದ್ದು ಎಂಬುದು ಮಾತ್ರ ಇರುವುದಿಲ್ಲ. ಬರೆದ ಮಾತುಗಳು ಪಕ್ಕದ `Databases` ಫೋಲ್ಡರಿನಲ್ಲಿ ಗೂಢಲಿಪಿಯಲ್ಲಿರುತ್ತವೆ, ಅವನ್ನು ಹೀಗೆ ಓದಲಾಗದು. ಏರ್‌ಪ್ಲೇನ್ ಮೋಡ್‌ನಲ್ಲೇ ವಾಟ್ಸ್‌ಆ್ಯಪ್ ತೆರೆದುಕೊಂಡರೆ ಬೇಕಾದ ಮಾತುಕತೆಗಳನ್ನು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಯಾರು ಹೇಳಿದರೂ ಆ್ಯಪನ್ನು ಅನ್‌ಇನ್‌ಸ್ಟಾಲ್ ಮಾಡಬೇಡಿ, ಮೊಬೈಲನ್ನು ರೀಸೆಟ್ ಮಾಡಬೇಡಿ. ಇಷ್ಟು ದಿನ ಉಳಿದದ್ದು ಆ ಒಂದು ಒತ್ತಿಗೆ ಹೋಗುತ್ತದೆ.

ನಕಲು ಆದ ಮೇಲೆ ವೈಫೈ ಹಾಕಬಹುದು. ಈಗ ಮೂರನೆಯ ಎಣಿಕೆ. ಗೂಗಲ್ 2023ರ ಮೇ ತಿಂಗಳಲ್ಲಿ ಹೇಳಿದ ನಿಯಮದಂತೆ, ಎರಡು ವರ್ಷ ಬಳಕೆಯಾಗದ ವೈಯಕ್ತಿಕ ಖಾತೆಯನ್ನು ಅದರೊಳಗಿನ ಪತ್ರ, ಕಡತ, ಚಿತ್ರಗಳ ಸಮೇತ ಅಳಿಸಬಹುದು. ಅದೇ ವರ್ಷದ ಡಿಸೆಂಬರ್‌ನಿಂದ ಅಳಿಸಲು ಶುರು ಮಾಡಿದರು. ತೊರೆದ ಖಾತೆಗಳಿಗೆ ಹಳೆಯ ಪಾಸ್‌ವರ್ಡ್ ಇರುತ್ತದೆ, ಎರಡು ಹಂತದ ಪರಿಶೀಲನೆ ಇರುವುದು ಅಪರೂಪ, ಕಳ್ಳರಿಗೆ ಸುಲಭ ಎಂಬುದು ಅವರು ಕೊಟ್ಟ ಕಾರಣ. ಕಾರಣ ಸುಳ್ಳಲ್ಲ. ನಿಮಗೆ 2027ರ ಮಾರ್ಚ್ 8ರವರೆಗೆ ಸಮಯವಿದೆ. ಅಳಿಸುವ ಮೊದಲು ಹಲವು ಬಾರಿ ಎಚ್ಚರಿಕೆ ಕಳುಹಿಸುತ್ತಾರೆ, ಆದರೆ ಎಲ್ಲಿಗೆ? ಅದೇ ಜಿಮೇಲ್‌ಗೆ, ಮತ್ತು ನಿಮ್ಮ ತಂದೆಯವರು ಎಂದೋ ಕೊಟ್ಟಿರಬಹುದಾದ ಇನ್ನೊಂದು ಇಮೇಲ್‌ಗೆ. ಬೀಗ ಹಾಕಿದ ಮನೆಯ ಒಳಗೋಡೆಗೆ ನೋಟಿಸ್ ಅಂಟಿಸಿದ ಹಾಗೆ. ನಮ್ಮ ಪತ್ರಿಕೆಯ ಮೊದಲ ಇಮೇಲ್ ಪೆಟ್ಟಿಗೆ ಬೇರೊಂದು ಉಚಿತ ಸೇವೆಯಲ್ಲಿತ್ತು. ಒಂದು ವರ್ಷ ತೆರೆಯದೆ ಬಿಟ್ಟು, ಲೇಖಕರ ಹಸ್ತಪ್ರತಿಗಳನ್ನೆಲ್ಲ ಹೀಗೆಯೇ ಕಳೆದುಕೊಂಡವನು ನಾನು.

ಜಿಮೇಲ್ ತೆರೆದು ಒಂದು ಪತ್ರ ಓದಿದರೆ ಖಾತೆಯ ಎಣಿಕೆ ಮೊದಲಿನಿಂದ ಶುರುವಾಗುತ್ತದೆ. ಅಲ್ಲಿಗೇ ನಿಲ್ಲಿಸುವವರು ಎಡವುತ್ತಾರೆ. ಫೋಟೋಸ್‌ಗೆ ಅದರದೇ ಎರಡು ವರ್ಷದ ಎಣಿಕೆ ಇದೆ. ಖಾತೆ ಜೀವಂತವಾಗಿದ್ದರೂ ಫೋಟೋಸನ್ನು ಯಾರೂ ತೆರೆಯದಿದ್ದರೆ ಚಿತ್ರಗಳು ಹೋಗಬಹುದು. ಹಾಗಾಗಿ ಫೋಟೋಸನ್ನೂ ಡ್ರೈವನ್ನೂ ಪ್ರತ್ಯೇಕವಾಗಿ ತೆರೆಯಿರಿ. ಹಾಗೆಯೇ 15 ಜಿಬಿಯ ಉಚಿತ ಜಾಗ ತುಂಬಿ ಮೀರಿದೆಯೇ ನೋಡಿ. ಮಿತಿ ಮೀರಿದ ಸ್ಥಿತಿಯಲ್ಲಿ ಎರಡು ವರ್ಷ ಉಳಿದರೂ ಅಳಿಸಬಹುದು.

ಆಮೇಲೆ ಮಾಡಬೇಕಾದದ್ದು, ನನ್ನ ಪ್ರಕಾರ ಎಲ್ಲಕ್ಕಿಂತ ತುರ್ತಿನದು, ಖಾತೆಯ ಭದ್ರತೆಯ ಪುಟದಲ್ಲಿರುವ ಮೊಬೈಲ್ ಸಂಖ್ಯೆಯನ್ನು ತೆಗೆದು ನಿಮ್ಮದನ್ನು ಹಾಕುವುದು. ಪಾಸ್‌ವರ್ಡ್ ಮರೆತರೆ ಗೂಗಲ್ ಕೋಡ್ ಕಳುಹಿಸುವುದು ಆ ಹಳೆಯ ಸಂಖ್ಯೆಗೆ, ಅಂದರೆ ಹುಡುಗನಿಗೆ. ಅವನು ಸಜ್ಜನನೇ ಇರಬಹುದು. ಬ್ಯಾಂಕಿನಲ್ಲೂ ಆ ಸಂಖ್ಯೆ ಇನ್ನೂ ಇದ್ದರೆ ನಾಳೆಯೇ ಹೋಗಿ ಬದಲಿಸಿ. ಬಳಿಕ `takeout.google.com` ತೆರೆದು ಎಲ್ಲದರ ನಕಲು ಕೇಳಿ. ಸಿದ್ಧವಾದ ಕಡತದ ಕೊಂಡಿ ಸುಮಾರು ಏಳು ದಿನ ಮಾತ್ರ ಇರುತ್ತದೆ, ಬಂದ ದಿನವೇ ಇಳಿಸಿಕೊಳ್ಳಿ.

ತೀರಿಕೊಂಡವರ ಪಾಸ್‌ವರ್ಡ್ ಬಳಸುವುದು ಸರಿಯೇ ಎಂಬ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿದ್ದರೆ: ಕಂಪನಿಯ ದಾರಿ ಬೇರೆ. ಮರಣ ಪ್ರಮಾಣಪತ್ರ ಕೊಟ್ಟು ಅರ್ಜಿ ಹಾಕಿದರೆ ಗೂಗಲ್ ಖಾತೆಯನ್ನು ಮುಚ್ಚುತ್ತದೆ, ಕೆಲವು ಸಂದರ್ಭಗಳಲ್ಲಿ ಒಳಗಿನದನ್ನು ಕೊಡುತ್ತದೆ, ಪಾಸ್‌ವರ್ಡನ್ನು ಎಂದೂ ಕೊಡುವುದಿಲ್ಲ. ಡೈರಿಯಲ್ಲಿ ಬರೆದಿಟ್ಟವರು ಮನೆಯವರಿಗಾಗಿಯೇ ಬರೆದಿಟ್ಟಿದ್ದಾರೆ ಎಂದು ನಾನಂತೂ ಓದಿಕೊಳ್ಳುತ್ತೇನೆ.

ಎಲ್ಲ ಕಂಪನಿಗಳೂ ಒಂದೇ ತೆರನಲ್ಲ. ಫೇಸ್‌ಬುಕ್‌ನಲ್ಲಿ ಮನೆಯವರು ತಿಳಿಸಿದರೆ ಖಾತೆ ಸ್ಮರಣೆಯ ಪುಟವಾಗಿ ಉಳಿಯುತ್ತದೆ, ಬರೆದದ್ದು ಅಲ್ಲೇ ಇರುತ್ತದೆ. ಟ್ವಿಟರ್ 2019ರ ನವೆಂಬರ್‌ನಲ್ಲಿ ನಿಷ್ಕ್ರಿಯ ಖಾತೆಗಳನ್ನು ತೆಗೆಯುತ್ತೇವೆಂದು ಹೊರಟು, ತೀರಿಕೊಂಡವರ ಮನೆಯವರು ದನಿಯೆತ್ತಿದ ಮೇಲೆ ಕೆಲವೇ ದಿನಗಳಲ್ಲಿ ನಿಲ್ಲಿಸಿತ್ತು.

ಅಮ್ಮನ ಖಾತೆಯ ಬಗ್ಗೆಯೂ ಹೇಳಬೇಕು. ಶೀರ್ಷಿಕೆಯಲ್ಲಿ ಪೌತಿ ಇಲ್ಲವೆಂದೆ. ನಾಮಿನಿ ಮಾತ್ರ ಇದೆ, ಬದುಕಿದ್ದಾಗಲೇ ಮಾಡಬೇಕು. ಗೂಗಲ್ ಖಾತೆಯಲ್ಲಿ `Inactive Account Manager` ಎಂಬ ಪುಟವಿದೆ. 3, 6, 12 ಅಥವಾ 18 ತಿಂಗಳಲ್ಲಿ ಒಂದನ್ನು ಆಯ್ದು, ಅಷ್ಟು ಕಾಲ ಬಳಕೆ ನಿಂತರೆ ಯಾರಿಗೆ ತಿಳಿಸಬೇಕು, ಏನನ್ನು ಕೊಡಬೇಕು ಎಂದು ಬರೆದಿಡಬಹುದು. ಹತ್ತು ಜನರವರೆಗೆ ಹೆಸರಿಸಬಹುದು. ಹೆಸರಿಸಿದವರಿಗೆ ಇಳಿಸಿಕೊಳ್ಳಲು ಮೂರು ತಿಂಗಳು ಸಿಗುತ್ತದೆ. ನಮ್ಮ ದೇಶದ 2023ರ ದತ್ತಾಂಶ ಕಾಯ್ದೆಯ 14ನೆಯ ಸೆಕ್ಷನ್ನಿನಲ್ಲೂ ನಾಮನಿರ್ದೇಶನದ ಹಕ್ಕಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಈ ಭಾಗಗಳು ಜಾರಿಗೆ ಬರುವುದು ಅದಾಗಿ 18 ತಿಂಗಳ ಮೇಲೆ. ದೊಡ್ಡ ಸಾಮಾಜಿಕ ಜಾಲತಾಣಗಳು ಮೂರು ವರ್ಷ ಬಳಸದವರ ವೈಯಕ್ತಿಕ ದತ್ತಾಂಶವನ್ನು ಅಳಿಸಬೇಕು, 48 ಗಂಟೆ ಮೊದಲು ತಿಳಿಸಬೇಕು ಎಂದು ಅಲ್ಲಿದೆ. ಇದನ್ನೋದಿ ಮೂರು ವರ್ಷ ಯಾರೂ ಮುಟ್ಟುವಂತಿಲ್ಲ ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ಅದು ಕಂಪನಿ ಇಟ್ಟುಕೊಳ್ಳುವುದಕ್ಕೆ ಹಾಕಿದ ಗಡುವು, ಅದಕ್ಕೂ ಮೊದಲು ಅಳಿಸಬಾರದೆಂಬ ತಡೆ ಅಲ್ಲ.

ಇನ್ನೊಂದು ಮಾತು. ಅಮ್ಮನ ಮೊಬೈಲಿನಲ್ಲಿ ನಿಮ್ಮ ತಂದೆಯವರೊಂದಿಗಿನ ಹಳೆಯ ಮಾತುಕತೆ ಇನ್ನೂ ಅದೇ ಸಂಖ್ಯೆಯ ಅಡಿಯಲ್ಲಿದೆ. ಅಲ್ಲಿ ಅವರು ಈಗ ಏನಾದರೂ ಬರೆದರೆ, ಕೈತಪ್ಪಿ ಧ್ವನಿ ಗುಂಡಿ ಒತ್ತಿದರೆ, ಅದು ಹುಡುಗನಿಗೆ ತಲುಪುತ್ತದೆ. ಮೊದಲು ಆ ಚಾಟನ್ನು ಮಾಧ್ಯಮ ಸಮೇತ ಎಕ್ಸ್‌ಪೋರ್ಟ್ ಮಾಡಿ ಕಂಪ್ಯೂಟರ್‌ನಲ್ಲಿ ಇರಿಸಿ, ಆಮೇಲೆ ಆರ್ಕೈವ್‌ಗೆ ಸರಿಸಿ. ಸಂಪರ್ಕಗಳ ಪಟ್ಟಿಯಲ್ಲಿ ಆ ಸಂಖ್ಯೆಯ ಎದುರಿನ ಹೆಸರನ್ನು ಬೇಕಾದರೆ ಬದಲಿಸಿ, ಚಾಟ್ ಅದರಿಂದ ಅಳಿಯುವುದಿಲ್ಲ. ಆದರೆ ಅಮ್ಮನನ್ನು ಕೇಳಿಯೇ ಬದಲಿಸಿ.