ವಾರಕ್ಕೆ ಮೂರು ವಿಡಿಯೋ, ದಿನಕ್ಕೆ ಐದು ತಾಸು ನಿದ್ದೆ

ಸಲಹೆ ಕೇಳಿ ನನ್ನ ಬಳಿ ಬಂದ ಒಬ್ಬರನ್ನು ವಿನಾಯಕ ಎಂದು ಕರೆಯೋಣ. ಹೆಸರು ಬೇರೆ, ಗುರುತು ಹತ್ತುವ ಒಂದೆರಡು ವಿವರವನ್ನೂ ಬದಲಿಸಿದ್ದೇನೆ. ವಯಸ್ಸು ಮೂವತ್ತನಾಲ್ಕು, ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯ ಒಬ್ಬ ಸಗಟು ವಿತರಕರ ಕಚೇರಿಯಲ್ಲಿ ಲೆಕ್ಕಪತ್ರ ನೋಡುವುದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗಾಗಿ ಅಂಕಗಣಿತ ಮತ್ತು ಮಾನಸಿಕ ಸಾಮರ್ಥ್ಯದ ಯೂಟ್ಯೂಬ್ ಚಾನೆಲ್ ನಡೆಸುತ್ತಾರೆ. ಧಾರವಾಡದ ಓಣಿ ಓಣಿಯಲ್ಲಿ ಪರೀಕ್ಷೆಗೆ ಓದುವ ಹುಡುಗರಿದ್ದಾರೆ, ಹಾಗಾಗಿ ನೋಡುವವರಿಗೆ ಕೊರತೆಯಿಲ್ಲ. ಕೊರತೆ ಇದ್ದದ್ದು ನಿದ್ದೆಗೆ.

ಅವರು ನನ್ನ ಬಳಿ ಬಂದದ್ದು ಚಾನೆಲ್ ಚಿಂತೆಯಿಂದಲ್ಲ. ಜಿಎಸ್‌ಟಿ ರಿಟರ್ನ್‌ನಲ್ಲಿ ಒಬ್ಬ ಗಿರಾಕಿಯ ಬಿಲ್ಲುಗಳನ್ನು ಇನ್ನೊಬ್ಬರ ನಂಬರಿಗೆ ಏರಿಸಿ ಮಾಲೀಕರ ಕಡೆಯಿಂದ ಬೈಸಿಕೊಂಡಿದ್ದರು. ಹಿಂದಿನ ತಿಂಗಳೂ ಅಂಥದ್ದೇ ತಪ್ಪಾಗಿತ್ತು. ಜೊತೆಗೆ ಬಂದಿದ್ದ ಹೆಂಡತಿ ಹೇಳಿದ್ದು ಬೇರೆ. "ಮಗಳು ಮಾತಾಡಿದ್ರ 'ಶ್, ರೆಕಾರ್ಡಿಂಗ್ ನಡದೈತಿ' ಅಂತಾರ್ರಿ. ಈಗ ಅಪ್ಪ ಮನಿಗೆ ಬಂದ ಕೂಡ್ಲೆ ಅಕಿ ತಾನಾ ಬಾಯಿ ಮ್ಯಾಲೆ ಕೈ ಇಟ್ಕೊಂಡು ಅಡ್ಡಾಡತಾಳ್ರಿ."

ಮೊದಲ ಭೇಟಿಯಲ್ಲಿ ನಾನು ಸಲಹೆ ಕೊಡಲಿಲ್ಲ. ಒಂದು ವಾರ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತೆಂದು ಆಗಿಂದಾಗಲೇ ನೋಟ್‌ಬುಕ್‌ನಲ್ಲಿ ಬರೆಯಲು ಹೇಳಿದೆ. ರಾತ್ರಿ ನೆನಪಿನಿಂದ ಬರೆದರೆ ಲೆಕ್ಕ ಯಾವಾಗಲೂ ಕಡಿಮೆ ಬರುತ್ತದೆ. ಹತ್ತು ನಿಮಿಷದ ಒಂದು ವಿಡಿಯೋಗೆ "ಐದಾರು ತಾಸು ಆಗಬಹುದ್ರಿ" ಎಂದಿದ್ದರು. ನೋಟ್‌ಬುಕ್ ಹನ್ನೊಂದು ತಾಸು ತೋರಿಸಿತು: ಹಳೆಯ ಪ್ರಶ್ನೆಪತ್ರಿಕೆ ತಡಕಾಡಿ ಲೆಕ್ಕ ಆರಿಸಲು ಎರಡು, ಬಿಡಿಸಿ ಸ್ಕ್ರಿಪ್ಟ್ ಬರೆಯಲು ಎರಡೂವರೆ, ಬೋರ್ಡು-ಲೈಟು-ಮೈಕು ಹೊಂದಿಸಿ ರೆಕಾರ್ಡ್ ಮಾಡಲು ಎರಡು, ಎಡಿಟಿಂಗ್‌ಗೆ ಮೂರೂವರೆ, ಥಂಬ್‌ನೇಲ್ ಮಾಡಿ ಅಪ್‌ಲೋಡ್ ಮಾಡಲು ಒಂದು. ವಾರಕ್ಕೆ ಮೂರು ವಿಡಿಯೋ ಎಂದರೆ ಮೂವತ್ಮೂರು ತಾಸು. ದಿನಾ ಹಾಕುತ್ತಿದ್ದ ಶಾರ್ಟ್ಸ್ ಇದರಲ್ಲಿ ಸೇರಿಲ್ಲ.

ಇನ್ನು ಕೈಯಲ್ಲಿರುವುದೆಷ್ಟು? ವಾರಕ್ಕೆ 168 ತಾಸು. ಚಿಗರಿ ಬಸ್ಸಿನ ಓಡಾಟವೂ ಸೇರಿ ಬೆಳಿಗ್ಗೆ ಪೌಣೆ ಒಂಬತ್ತಕ್ಕೆ ಮನೆ ಬಿಟ್ಟರೆ ಮರಳುವುದು ರಾತ್ರಿ ಪೌಣೆ ಎಂಟಕ್ಕೆ. ಆರು ದಿನಕ್ಕೆ 66 ತಾಸು. ನಿದ್ದೆಗೆ ದಿನಕ್ಕೆ ಏಳೂವರೆಯಂತೆ 52.5. ಊಟ, ಸ್ನಾನ, ಸಂತೆ, ಮಗಳ ಓದು ಇವಕ್ಕೆ ದಿನಕ್ಕೆ ನಾಲ್ಕರಂತೆ 28. ಉಳಿದದ್ದು 21.5. ಇದನ್ನು ಪೂರ್ತಿ ಚಾನೆಲ್‌ಗೆ ಬಳಿದು ಕೊಟ್ಟರೂ ವಾರಕ್ಕೆ ಎರಡು ವಿಡಿಯೋ ಕೂಡ ಆಗುವುದಿಲ್ಲ. ದಿನವಿಡೀ ಲೆಕ್ಕ ಮಾಡುವ ಮನುಷ್ಯನಿಗೆ ಈ ಲೆಕ್ಕವನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ತಾವೇ ಇನ್ನೊಮ್ಮೆ ಕೂಡಿಸಿ ನೋಡಿದರು.

ಆದರೂ ಭಯ ಬಿಡಲಿಲ್ಲ. "ಒಂದ ವಾರ ಹಾಕಲಿಲ್ಲಂದ್ರ ಯೂಟ್ಯೂಬ್ ನನ್ನ ಮರತ ಬಿಡತೈತ್ರಿ ಮೇಡಂ." ಈ ಮಾತನ್ನು ಚಾನೆಲ್ ಇರುವ ಪ್ರತಿಯೊಬ್ಬರ ಬಾಯಿಂದಲೂ ಕೇಳಿದ್ದೇನೆ. ಹಾಗಾಗಿ ನಿಯಮವನ್ನೇ ಮುಂದಿಟ್ಟೆ. ಜಾಹೀರಾತಿನ ಹಣ ಬರಬೇಕಾದರೆ 1,000 ಚಂದಾದಾರರ ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ತಾಸು ವೀಕ್ಷಣೆ ಬೇಕು. ಆ ತಾಸುಗಳಲ್ಲಿ ಹಳೆಯ ವಿಡಿಯೋಗಳ ಪಾಲೂ ಸೇರುತ್ತದೆ, ಅವು ಸಾರ್ವಜನಿಕವಾಗಿ ಉಳಿದಿದ್ದರೆ ಸಾಕು. ಶೇಕಡಾವಾರು, ರೈಲಿನ ವೇಗ, ಪಾಲುದಾರಿಕೆಯ ಲೆಕ್ಕಗಳು ಒಂದು ವಾರದಲ್ಲಿ ಹಳಸುವ ಸರಕಲ್ಲ. ಹಣ ಬರತೊಡಗಿದ ಚಾನೆಲ್ ಕೂಡ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಏನೂ ಹಾಕದೆ ಸುಮ್ಮನಿದ್ದಾಗ ಆ ಸೌಲಭ್ಯ ಕಳೆದುಕೊಳ್ಳಬಹುದು. ಆರು ತಿಂಗಳೆಲ್ಲಿ, ಒಂದು ವಾರವೆಲ್ಲಿ!

ಶಾರ್ಟ್ಸ್ ಸಂಗತಿ ಇನ್ನೂ ವಿಚಿತ್ರ. 4,000 ತಾಸು ಬೇಗ ತುಂಬಲೆಂದು ಅವರು ರಾತ್ರಿ ಊಟವಾದ ಮೇಲೆ ದಿನಾ ಒಂದು ಶಾರ್ಟ್ಸ್ ಕತ್ತರಿಸಿ ಹಾಕುತ್ತಿದ್ದರು. ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ ಹೊತ್ತು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಅದಕ್ಕೆ ಬೇರೆಯೇ ದಾರಿಯಿದೆ, 90 ದಿನದಲ್ಲಿ ಒಂದು ಕೋಟಿ ವೀಕ್ಷಣೆ. ಬೋರ್ಡಿನ ಮೇಲೆ ಲೆಕ್ಕ ಬಿಡಿಸುವ ಚಾನೆಲ್‌ಗೆ ಅದು ದೂರದ ಮಾತು. ಮೊದಲು ನಿಂತದ್ದು ಶಾರ್ಟ್ಸ್.

ಚಾನೆಲ್‌ಗೆ ವಾರಕ್ಕೆ ಎಂಟು ತಾಸು ಎಂದು ಇಬ್ಬರೂ ಒಪ್ಪಿಕೊಂಡೆವು. ಯಾವ ಕೆಲಸಕ್ಕೆ ಯಾವ ಹೊತ್ತು ಎಂಬುದಕ್ಕೇ ಹೆಚ್ಚು ಚರ್ಚೆ ಹಿಡಿಯಿತು. ಕಚೇರಿಯಿಂದ ಬಂದ ತಲೆಗೆ ಹೊಸ ಲೆಕ್ಕ ಹೊಳೆಯುವುದಿಲ್ಲ, ಕತ್ತರಿಸುವ ಜೋಡಿಸುವ ಕೆಲಸ ಮಾತ್ರ ನಡೆಯುತ್ತದೆ. ಆದ್ದರಿಂದ ಲೆಕ್ಕ ಆರಿಸಿ ಸ್ಕ್ರಿಪ್ಟ್ ಬರೆಯುವುದನ್ನು ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆ ಪೌಣೆ ಆರರಿಂದ ಏಳರವರೆಗೆ ಇಟ್ಟೆವು. ಸೋಮವಾರ, ಬುಧವಾರ ರಾತ್ರಿ ಎಂಟೂವರೆಯಿಂದ ಒಂಬತ್ತೂವರೆ ಎಡಿಟಿಂಗ್. ಭಾನುವಾರ ಬೆಳಿಗ್ಗೆ ಏಳರಿಂದ ಹತ್ತೂವರೆ ರೆಕಾರ್ಡಿಂಗ್, ಇಲ್ಲದ ವಾರ ಉಳಿದ ಎಡಿಟಿಂಗ್. ಸಾಮಾನು ಹೊಂದಿಸುವುದಕ್ಕೇ ಮುಕ್ಕಾಲು ತಾಸು ಹೋಗುತ್ತಿದ್ದುದರಿಂದ ತಿಂಗಳಿಗೊಮ್ಮೆ ಎರಡು ವಿಡಿಯೋ ಒಟ್ಟಿಗೆ ರೆಕಾರ್ಡ್ ಮಾಡುವುದು, ನಡುವೆ ಅಂಗಿ ಬದಲಿಸಿದರಾಯಿತು. ಪ್ರಕಟಣೆ ಎರಡು ವಾರಕ್ಕೆ ಒಂದು, ಶನಿವಾರ ಸಂಜೆ, ಮೊದಲೇ ವೇಳೆ ನಿಗದಿ ಮಾಡಿಟ್ಟು.

ಎರಡು ವಾರಕ್ಕೆ ಹದಿನಾರು ತಾಸು, ಖರ್ಚು ಹನ್ನೊಂದು. ಮಿಕ್ಕ ಐದು ತಾಸಿನಲ್ಲಿ ಇನ್ನೊಂದು ವಿಡಿಯೋದ ಅರ್ಧ ಮಾಡಬಹುದಲ್ಲ ಎಂಬ ಪ್ರಶ್ನೆ ಕೂಡಲೇ ಬಂತು. ಬೇಡ ಎಂದೆ. ಕಚೇರಿಯ ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಕೊನೆಯ ದಿನ, ಜಿಎಸ್‌ಟಿಆರ್-1ಕ್ಕೆ ಪ್ರತಿ ತಿಂಗಳ 11, 3ಬಿಗೆ 20. ಅದರ ಹಿಂದಿನ ಎರಡು ದಿನ ಮತ್ತು ಆ ದಿನ ಚಾನೆಲ್ ಕೆಲಸ ಪೂರ್ತಿ ಬಂದ್. ಮಗಳಿಗೆ ಜ್ವರ ಬಂದರೆ, ಊರಲ್ಲಿ ಜಾತ್ರೆ ಇದ್ದರೆ ಆ ಐದು ತಾಸು ಅಲ್ಲಿಗೆ ಹೋಗುತ್ತದೆ. ತುಂಬಿ ತುಳುಕುವಂತೆ ಹಾಕಿದ ವೇಳಾಪಟ್ಟಿ ಮೊದಲ ಜ್ವರಕ್ಕೇ ಮುರಿಯುತ್ತದೆ, ಮುರಿದದ್ದನ್ನು ತುಂಬಿಸಲು ಮತ್ತೆ ನಿದ್ದೆಯನ್ನೇ ಕಡಿಯುತ್ತಾರೆ.

ವಿಶ್ರಾಂತಿಗೂ ಗಡಿ ಹಾಕಿದೆವು. ಭಾನುವಾರ ಹತ್ತೂವರೆಯ ನಂತರ ಚಾನೆಲ್ ಮಾತಿಲ್ಲ. ಅವರು ನಿದ್ದೆಗೆಡುತ್ತಿದ್ದದ್ದು ಕೆಲಸದಿಂದಷ್ಟೇ ಅಲ್ಲ, ಹಾಸಿಗೆಯಲ್ಲಿ ಯೂಟ್ಯೂಬ್ ಸ್ಟುಡಿಯೋ ಆ್ಯಪ್ ತೆರೆದು ಚಾನೆಲ್‌ನ ಅಂಕಿ ನೋಡುತ್ತ ಮಲಗುವುದರಿಂದ ಕೂಡ. ಒಂದು ಕೆಟ್ಟ ಕಾಮೆಂಟ್ ಹನ್ನೆರಡರವರೆಗೆ ಎಚ್ಚರ ಇಡುತ್ತಿತ್ತು. ಆ್ಯಪ್‌ನ ನೋಟಿಫಿಕೇಶನ್ ನನ್ನೆದುರೇ ಬಂದ್ ಮಾಡಿದರು. ಕಾಮೆಂಟಿಗೆ ಉತ್ತರ ವಾರಕ್ಕೆ ಎರಡು ಸಲ, ಎಡಿಟಿಂಗ್ ಹೊತ್ತಿನಲ್ಲೇ. ಬಸ್ಸಿನಲ್ಲಿ ಸ್ಕ್ರಿಪ್ಟ್ ಬರೆಯಲೇ ಎಂದು ಕೇಳಿದರು. ಬರುವಾಗಿನ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡಿಕೊಂಡು ಬನ್ನಿ ಎಂದೆ. ಬಿಡುವಿನ ಸಂದಿಗೊಂದಿಯನ್ನೆಲ್ಲ ಕೆಲಸದಿಂದ ತುಂಬುವ ಈ ಗೀಳು ನನಗೆ ಮೊದಲಿನಿಂದಲೂ ಸರಿಬರುವುದಿಲ್ಲ.

ವ್ಯವಸ್ಥೆ ಜಾರುತ್ತಿದೆ ಎಂದು ತಿಳಿಯಲು ಹೆಂಡತಿಗೂ ಒಂದು ಗುರುತು ಹೇಳಿಕೊಟ್ಟೆ: ವಾರದಲ್ಲಿ ಎರಡು ರಾತ್ರಿ ಹತ್ತೂವರೆ ದಾಟಿದರೆ ಮುಂದಿನ ಶನಿವಾರದ ವಿಡಿಯೋ ಬಿಟ್ಟುಬಿಡುವುದು, ರಾತ್ರಿ ಕೂತು ಮುಗಿಸುವಂತಿಲ್ಲ. ಮೂರು ವಾರ ಹೀಗೆ ನಡೆದೂ ನಿದ್ದೆ ಬರದಿದ್ದರೆ, ರಜೆಯ ದಿನವೂ ಮನಸ್ಸು ಕುಗ್ಗಿಯೇ ಇದ್ದರೆ, ಅದು ವೇಳಾಪಟ್ಟಿಯಿಂದ ಸರಿಹೋಗುವ ಸಂಗತಿಯಲ್ಲ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರನ್ನು ಕಾಣಬೇಕು ಎಂದೂ ತಿಳಿಸಿದೆ. ಅದರ ಅಗತ್ಯ ಬೀಳಲಿಲ್ಲ.

ಎಲ್ಲವೂ ಅಂದುಕೊಂಡಂತೆ ನಡೆಯಲಿಲ್ಲ. ಗುರುವಾರದ ಬೆಳಗು ನೀರು ಬರುವ ಸರದಿಯ ಜೊತೆ ಡಿಕ್ಕಿ ಹೊಡೆದು ಶುಕ್ರವಾರಕ್ಕೆ ಹೋಯಿತು. ಚಂದಾದಾರರು ಏರುವ ವೇಗ ತಗ್ಗಿದೆ, ಅದನ್ನು ಮೊದಲೇ ಹೇಳಿದ್ದೆ. ರಿಟರ್ನ್‌ಗಳಲ್ಲಿ ಮತ್ತೆ ತಪ್ಪಾಗಿಲ್ಲ. ಕೊನೆಯ ಭೇಟಿಯಲ್ಲಿ ಕೇಳಿದ್ದು, ನೇಮಕಾತಿ ಪರೀಕ್ಷೆಯ ದಿನಾಂಕ ಹೊರಬಿದ್ದಾಗ ಹುಡುಗರು ದಿನಾ ವಿಡಿಯೋ ಕೇಳುತ್ತಾರೆ, ಆಗೇನು ಮಾಡಲಿ ಎಂದು. ಪರೀಕ್ಷೆಗೆ ಮುಂಚಿನ ಮೂರು ವಾರ ವಾರಕ್ಕೊಂದು ಹಾಕಬಹುದು, ಆದರೆ ಅವು ಮೊದಲೇ ರೆಕಾರ್ಡ್ ಮಾಡಿಟ್ಟ ದಾಸ್ತಾನಿನಿಂದ ಬರಬೇಕು, ಪರೀಕ್ಷೆ ಮುಗಿದ ಮೇಲೆ ಮೂರು ವಾರ ಏನೂ ಇಲ್ಲ ಎಂದು ಬರೆದುಕೊಟ್ಟೆ. ದಾಸ್ತಾನಿನಲ್ಲಿ ಸದ್ಯ ಒಂದೇ ಇದೆಯಂತೆ. ಹಾಗಿದ್ದರೆ ಈ ಸಲದ ಪರೀಕ್ಷೆಗೆ ಒಂದೇ.