ಅಪ್ಪನ 180, ಮಗಳ 100

"ಕಂಪ್ಯೂಟರ್‌ನಲ್ಲಿ ಬಣ್ಣ-ಪದದ ಪರೀಕ್ಷೆ ಮಾಡಿದೆವು. ಹಸಿರು ಬಣ್ಣದಲ್ಲಿ ‘ಕೆಂಪು’ ಅಂತ ಬರೆದಿದ್ದರೆ ಹಸಿರಿನ ಬಟನ್ ಒತ್ತಬೇಕು. ಪದ, ಬಣ್ಣ ಎರಡೂ ಒಂದೇ ಆದಾಗ ನನ್ನ ಸರಾಸರಿ 900 ಮಿಲಿಸೆಕೆಂಡ್, ಬೇರೆಯಾದಾಗ 1080. ಮಗಳದು 600 ಮತ್ತು 700. ನನಗೀಗ 66. ಮಿದುಳಿನ ಮುಂಭಾಗ ಸೊರಗುತ್ತಿದೆಯೇ?"
— ಓದುಗರೊಬ್ಬರು, ಶ್ರೀನಿವಾಸಪುರ, ಕೋಲಾರ ಜಿಲ್ಲೆ

ಗಾಬರಿ ಬೇಡ ಸರ್. ವಯಸ್ಸಾದಂತೆ ಎಲ್ಲದಕ್ಕೂ ಸ್ವಲ್ಪ ಜಾಸ್ತಿ ಹೊತ್ತು ಬೇಕು, ಬಟನ್ ಒತ್ತೋದಕ್ಕೂ. 1080ರಲ್ಲಿ 900 ಕಳೆದರೆ 180. ಅದನ್ನು 900ರಿಂದ ಭಾಗಿಸಿ: 20 ಶೇಕಡಾ. ಮಗಳದು ಸುಮಾರು 17. ಅಂತರ ಅಷ್ಟೇ.

ಈ ತಡ ಯಾಕೆ? ಓದು ನಮಗೆ ತಾನಾಗಿಯೇ ಆಗಿಬಿಡುತ್ತದೆ. 1935ರಲ್ಲಿ ಮನೋವಿಜ್ಞಾನಿ ಸ್ಟ್ರೂಪ್ ಇದನ್ನು ಅಳೆದಾಗ, ನೂರು ಬಣ್ಣದ ಚೌಕಗಳ ಹೆಸರು ಹೇಳಲು ಸರಾಸರಿ 63 ಸೆಕೆಂಡ್ ಹಿಡಿಯಿತು. ಬೇರೆ ಬಣ್ಣದಲ್ಲಿ ಬರೆದ ನೂರು ಪದಗಳ ಬಣ್ಣ ಹೇಳಲು 110. ಅದೇ ಪದಗಳನ್ನು ಸುಮ್ನೆ ಓದಿ ಅಂದಾಗ, ಬಣ್ಣದ ಕಾಟದಿಂದ ಹೆಚ್ಚಾದದ್ದು ಬರೀ 2 ಸೆಕೆಂಡ್.

ಮುಂಭಾಗಕ್ಕೆ ಇಲ್ಲಿ ಎರಡು ಕೆಲಸ. ‘ಬಣ್ಣ ನೋಡು’ ಎಂಬ ನಿಯಮವನ್ನು ಬಿಡದೆ ಹಿಡಿದಿರುವುದು ಒಂದು. ಪದಕ್ಕೂ ಬಣ್ಣಕ್ಕೂ ಜಗಳ ಬಂದಾಗ ಅದನ್ನು ಗಮನಿಸುವುದು ಇನ್ನೊಂದು. 2000ದಲ್ಲಿ ಮೆಕ್‌ಡೊನಾಲ್ಡ್ ಮತ್ತು ಜೊತೆಗಾರರು ಸ್ಕ್ಯಾನರ್‌ನಲ್ಲಿ ಇವನ್ನು ಬೇರೆ ಮಾಡಿ ನೋಡಿದರು. ಬಣ್ಣ ಹೇಳಬೇಕೆಂಬ ಸೂಚನೆ ಬಂದಾಗ, ಪದ ಕಾಣುವ ಮೊದಲೇ, ಎಡ ಮುಂಭಾಗದ ಹೊರಮೈ ಚುರುಕಾಯಿತು. ಬಣ್ಣಕ್ಕೆ ಹೊಂದದ ಪದ ಕಂಡಾಗ ಚುರುಕಾದದ್ದು ಮಿದುಳಿನ ಎರಡು ಅರ್ಧಗಳ ನಡುವೆ, ಒಳಮಗ್ಗುಲಲ್ಲಿರುವ ಸಿಂಗ್ಯುಲೇಟ್ ಎಂಬ ಮಡಿಕೆಯ ಮುಂದಿನ ಭಾಗ. ನಿಮ್ಮ 180ರಲ್ಲಿ ಎರಡೂ ಕಲಸಿಹೋಗಿವೆ.

ಬಿಡಿಸಬೇಕೆಂದರೆ ಪರೀಕ್ಷೆಯಲ್ಲಿ ಮುಕ್ಕಾಲು ಭಾಗ ಹೊಂದುವ ಪದಗಳನ್ನೇ ಇಡಬೇಕು. ಆಗ ಓದಿಕೊಂಡು ಒತ್ತಿದರೂ ಹೆಚ್ಚಿನ ಸಲ ಸರಿಯಾಗುತ್ತದೆ, ನಿಯಮ ಮೆಲ್ಲಗೆ ಜಾರುತ್ತದೆ. ಅಷ್ಟರಲ್ಲಿ ಹೊಂದದ್ದೊಂದು ಬಂದರೆ ಕೈ ಬೇಗ ಹೋಗಿ ತಪ್ಪು ಬಟನ್ ಒತ್ತುತ್ತದೆ. ಕೇನ್ ಮತ್ತು ಎಂಗಲ್ 2003ರಲ್ಲಿ ತೋರಿಸಿದ್ದು ಇದನ್ನೇ: ನೆನಪಿನಲ್ಲಿಟ್ಟುಕೊಂಡು ಕೆಲಸ ಮಾಡುವ ಸಾಮರ್ಥ್ಯ ಕಡಿಮೆ ಇದ್ದವರು ಇಂಥಲ್ಲಿ ಜಾಸ್ತಿ ತಪ್ಪಿದರು. ಸರಿ ಉತ್ತರಗಳ ಸರಾಸರಿಯಲ್ಲಿ ಈ ತಪ್ಪುಗಳು ಕಾಣುವುದೇ ಇಲ್ಲ. ನೀವು ತಪ್ಪಿನ ಲೆಕ್ಕ ಕಳಿಸಿಲ್ಲ ಅಲ್ವಾ?

ಇನ್ನೊಂದು ಮೋಸ ಇದೆ. ಹೊಂದದ ಪದ 20 ಸಲ ಬಂದಿತ್ತು ಅಂದುಕೊಳ್ಳಿ. ನಡುವೆ ಫೋನ್ ರಿಂಗಾಗಿ, ಒಂದು ಸೆಕೆಂಡಿನ ಉತ್ತರಕ್ಕೆ ಮೂರು ಹಿಡಿದರೆ, ಸರಾಸರಿ ಅದೊಂದರಿಂದಲೇ 100 ಮಿಲಿಸೆಕೆಂಡ್ ಏರುತ್ತದೆ. ಅದಕ್ಕೇ ಉತ್ತರದ ಹೊತ್ತುಗಳನ್ನು ಕ್ರಮವಾಗಿ ಜೋಡಿಸಿ, ನಡುವಿನದನ್ನು ನೋಡಿ.

ನಿಮ್ಮ ಕಡೆ ತೆಲುಗಿನಲ್ಲಿ ಓದು ಕಲಿತವರೂ ಇದ್ದಾರೆ. ಕನ್ನಡ ನಿಧಾನವಾಗಿ ಓದುವವರಿಗೆ ಕನ್ನಡ ಪದ ಅಷ್ಟು ಅಡ್ಡ ಬರುವುದಿಲ್ಲ. ಅವರ ಅಂತರ ಚಿಕ್ಕದಾಗುತ್ತದೆ, ಮುಂಭಾಗ ಗಟ್ಟಿ ಅಂತೇನಲ್ಲ.

ಇದೇ ಪರೀಕ್ಷೆಯನ್ನು ಇನ್ನೊಂದು ದಿನ ಮಾಡಿ. 180 ಇದ್ದದ್ದು 110 ಆಗಲೂಬಹುದು, ಈ ಅಂತರ ಅಷ್ಟು ಓಲಾಡುವಂಥದ್ದು. ಒಲೆ ಆರಿಸಲು ಪದೇಪದೇ ಮರೆಯುತ್ತಿದ್ದರೆ ಮಾತ್ರ ಈ ಅಂಕಿ ಬದಿಗಿಟ್ಟು ನರರೋಗದ ಡಾಕ್ಟರನ್ನು ಕಾಣಿ.