ಟಿ-ಟೆಸ್ಟಾ, ಝಡ್-ಟೆಸ್ಟಾ? n ನೋಡಬೇಡಿ, 8ರ ಪಕ್ಕದ ಪದ ನೋಡಿ

“ಈ ಲೆಕ್ಕಕ್ಕೆ ಟಿ-ಟೆಸ್ಟ್ ಹಾಕೋದಾ ಝಡ್-ಟೆಸ್ಟ್ ಹಾಕೋದಾ? ಫೋಟೋ ಬ್ಲರ್ ಆಗಿದೆ, ಸಾರಿ. n 30ಕ್ಕಿಂತ ಕಡಿಮೆ ಇದ್ರೆ ಟಿ ತಾನೆ?”

ಅಲ್ಲ. ನಾನೂ ಹಾಗೆ n ನೋಡಿದ ಕೂಡಲೇ ಪೆನ್ನೆತ್ತಿ ಅಂಕ ಕಳೆದುಕೊಂಡವನೇ, ಅದಕ್ಕೇ ಈ ಒಂದು ತಪ್ಪನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಫೋಟೋದಲ್ಲಿ ಓದಲು ಸಿಕ್ಕಿದ್ದು ಇಷ್ಟು: ಬಾಟಲಿಗೆ 500 ಮಿ.ಲೀ. ತುಂಬಬೇಕಾದ ಮೆಷಿನ್, 16 ಬಾಟಲಿಗಳ ಸ್ಯಾಂಪಲ್, ಸರಾಸರಿ 496, ಸ್ಟ್ಯಾಂಡರ್ಡ್ ಡೀವಿಯೇಷನ್ 8. ಮೆಷಿನ್ 500ರಿಂದ ತಪ್ಪಿದೆಯೇ, 5% ಮಟ್ಟದಲ್ಲಿ ಪರೀಕ್ಷಿಸಿ ಅಂತ ಪ್ರಶ್ನೆ. ಆ 8 ಯಾರದ್ದು ಅನ್ನುವ ಪದವೇ ಮಸುಕಾಗಿ ಹೋಗಿದೆ. ಇಡೀ ಲೆಕ್ಕ ನಿಂತಿರುವುದು ಆ ಪದದ ಮೇಲೆ.

ಯಾವ ಟೆಸ್ಟ್ ಹಾಕಿದರೂ ಮೊದಲ ಸಾಲು ಒಂದೇ:

```
(496 − 500) / (8 / √16) = −4 / 2 = −2.00
```

8 ಅನ್ನುವುದು ಇಡೀ ಪಾಪ್ಯುಲೇಷನ್‌ನ ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ σ ಆಗಿದ್ದರೆ ಇದು ಝಡ್. ಎರಡೂ ಬದಿಯ ಟೆಸ್ಟ್‌ಗೆ ಗಡಿ 1.96. ನಿಮ್ಮ 2.00 ಅದನ್ನು ದಾಟುತ್ತದೆ, ಶೂನ್ಯ ಊಹೆ ತಿರಸ್ಕೃತ. ಅದೇ 8 ಈ 16 ಬಾಟಲಿಗಳಿಂದಲೇ ಲೆಕ್ಕ ಹಾಕಿದ s ಆಗಿದ್ದರೆ ಇದು ಟಿ. ಆಗ 15 ಡಿಗ್ರಿ ಆಫ್ ಫ್ರೀಡಮ್‌ಗೆ ಗಡಿ 2.131. ಅಲ್ಲಿಗೆ 2.00 ಮುಟ್ಟುವುದಿಲ್ಲ, ತಿರಸ್ಕರಿಸುವಂತಿಲ್ಲ. ಅಂಕಿ ಒಂದೂ ಬದಲಾಗದೆ ಉತ್ತರ ಮಾತ್ರ ತಿರುಗಿಬಿತ್ತು ನೋಡಿ. n ಎರಡು ಕಡೆಯೂ 16 ತಾನೆ, ಅಂದಮೇಲೆ n ನೋಡಿ ತೀರ್ಮಾನಿಸುವುದು ಹೇಗೆ?

ಟಿ ಗಡಿ ದೂರ ಇರುವುದಕ್ಕೆ ಕಾರಣ ಇದೆ. s ಕೂಡ ಸ್ಯಾಂಪಲ್‌ನಿಂದಲೇ ಬಂದದ್ದು. ಬೇರೆ 16 ಬಾಟಲಿ ಎತ್ತಿಕೊಂಡರೆ 8ರ ಜಾಗದಲ್ಲಿ 6 ಬರಬಹುದು, 10 ಬರಬಹುದು. ಈ ಅಲುಗಾಟಕ್ಕೂ ಲೆಕ್ಕದಲ್ಲಿ ಜಾಗ ಬೇಕು. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯಲ್ಲಿದ್ದ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಅನ್ನುವ ಹೆಸರಿನಲ್ಲಿ ಬಗೆಹರಿಸಿದ್ದು ಇದನ್ನೇ. σ ಮೊದಲೇ ಗೊತ್ತಿದ್ದರೆ ಅಲುಗಾಟವೇ ಇಲ್ಲ, ಬಾಟಲಿ ಅಳತೆಗಳು ನಾರ್ಮಲ್ ಆಗಿದ್ದರೆ ಐದೇ ಬಾಟಲಿ ಇದ್ದರೂ ಝಡ್ ಸಾಕು.

ಹಾಗಾದರೆ 30ರ ಮಾತು ಎಲ್ಲಿಂದ ಬಂತು? n ಹೆಚ್ಚಿದಂತೆ ಟಿ ಗಡಿ 1.96ರ ಹತ್ತಿರ ಸರಿಯುತ್ತದೆ. n 36 ಇದ್ದಾಗ 2.030. ಟೇಬಲ್ ನೋಡಿ ಲೆಕ್ಕ ಮಾಡುವ ಕಾಲದಲ್ಲಿ ಆ ಚಿಕ್ಕ ವ್ಯತ್ಯಾಸ ಬಿಟ್ಟು s ಇದ್ದರೂ ಝಡ್ ಹಾಕುತ್ತಿದ್ದರು, ನಮ್ಮ ಪಠ್ಯಪುಸ್ತಕಗಳ ‘ದೊಡ್ಡ ಸ್ಯಾಂಪಲ್’ ಪಾಠದಲ್ಲಿ ಅದೇ ಉಳಿದುಕೊಂಡಿದೆ. ನಿಮ್ಮ ಮೇಷ್ಟ್ರು ಅದನ್ನೇ ಕೇಳಿದರೆ n 30 ದಾಟಿದಾಗ ಹಾಗೇ ಬರೆಯಿರಿ, ಜಗಳ ಬೇಡ. ಆದರೆ ಅದನ್ನು ತಿರುಗಿಸಿ ‘30ಕ್ಕಿಂತ ಕಡಿಮೆ ಇದ್ದರೆ ಟಿ’ ಅಂದುಕೊಂಡರೆ σ ಕೊಟ್ಟಿದ್ದರೂ ಟಿ ಹಾಕಿ ಕೂರುತ್ತೀರಿ. ಅಂಕ ಹೋಗುವುದು ಅಲ್ಲೇ.

ಈಗ ಮಸುಕಿನ ವಿಷಯ. ಮೊದಲು ವಾಕ್ಯದಲ್ಲಿ 8 ಎಲ್ಲಿ ಕೂತಿದೆ ನೋಡಿ. σ ಸಾಮಾನ್ಯವಾಗಿ ಸ್ಯಾಂಪಲ್ ಸುದ್ದಿ ಬರುವ ಮೊದಲೇ ಬರುತ್ತದೆ, ಮೆಷಿನ್‌ನ ಹಳೇ ದಾಖಲೆಯಂತೆ ಎಸ್‌ಡಿ ಇಷ್ಟು ಅಂತ. s ಬರುವುದು 496ರ ಬೆನ್ನಿಗೇ, ‘ಸರಾಸರಿ ಇಷ್ಟು, ಎಸ್‌ಡಿ ಇಷ್ಟು ಬಂತು’ ಎಂಬ ಜೋಡಿಯಾಗಿ. ನಿಮ್ಮ ಫೋಟೋದಲ್ಲಿ 8 ಇರುವುದು 496 ಆದಮೇಲೆ, ಹಾಗಾಗಿ ನನ್ನ ಒಲವು ಟಿ ಕಡೆಗೆ. ಇನ್ನು ಆ ಮಸುಕು ಪದದ ಆಕಾರ. ಪಾಪ್ಯುಲೇಷನ್ ಇಂಗ್ಲಿಷಿನಲ್ಲಿ ಹತ್ತಕ್ಷರ, ಮೊದಲ ಮತ್ತು ಮೂರನೇ ಅಕ್ಷರದ ಬಾಲ ಗೆರೆಯ ಕೆಳಗೆ ಇಳಿಯುತ್ತದೆ. ಸ್ಯಾಂಪಲ್ ಆರೇ ಅಕ್ಷರ, ಬಾಲ ಒಂದೇ, ಅದೂ ನಡುವೆ. ಕಣ್ಣು ಕಿರಿದು ಮಾಡಿ ನೋಡಿದರೆ ಇಷ್ಟು ಗೊತ್ತಾಗುತ್ತದೆ. ಪದದ ಬದಲು ಬರೀ ಚಿಹ್ನೆ ಇದ್ದರೆ σ ಮತ್ತು 6 ಬ್ಲರ್‌ನಲ್ಲಿ ಒಂದೇ ತರಹ ಕಾಣುತ್ತವೆ, ಅಲ್ಲಿ ಮೋಸ ಹೋಗಬೇಡಿ.

16 ಕೂಡ ನಿಜವಾಗಿ 16ನಾ, 18ನಾ ಅಂತ ಖಚಿತ ಮಾಡಿಕೊಳ್ಳಿ. 18 ಆದರೆ ಟಿ ಬೆಲೆ −2.12, ಗಡಿ 2.110, ಕೂದಲೆಳೆಯಲ್ಲಿ ತಿರಸ್ಕೃತ! ಹಾಗೆಯೇ ಕೊನೇ ಸಾಲಿನಲ್ಲಿ ‘ತಪ್ಪಿದೆಯೇ’ ಅನ್ನುವ ಬದಲು ‘ಕಡಿಮೆ ತುಂಬುತ್ತಿದೆಯೇ’ ಅಂತ ಇದ್ದರೆ ಒಂದೇ ಬದಿಯ ಟೆಸ್ಟ್. ಆಗ ಗಡಿ ಝಡ್‌ಗೆ 1.645, 16 ಬಾಟಲಿಯ ಟಿಗೆ 1.753. ಎರಡರಲ್ಲೂ ತಿರಸ್ಕೃತವೇ, ತಲೆಬಿಸಿ ಇಲ್ಲ.

ಆಗುವುದಾದರೆ ಪುಟವನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, ಕಿಟಕಿ ಬೆಳಕಲ್ಲಿ, 8 ಇರುವ ಆ ಸಾಲಿನ ಫೋಟೋ ಅಷ್ಟೇ ಇನ್ನೊಂದು ಸಲ ತೆಗೆದು ಕಳಿಸಿ. ಪುಸ್ತಕ ಕೈಯಲ್ಲಿ ಇಲ್ಲದಿದ್ದರೆ ಟಿ ಹಾಕಿ, ಉತ್ತರದ ಮೊದಲ ಸಾಲಲ್ಲೇ ‘8 ಅನ್ನು ಸ್ಯಾಂಪಲ್‌ನ ಎಸ್‌ಡಿ ಎಂದು ತೆಗೆದುಕೊಂಡಿದೆ’ ಅಂತ ಬರೆದುಬಿಡಿ.